ಸೂರಿನ ನೀರು ಕುಡಿಯೋದಾದರೆ ಚಾವಣಿ ಯಾವುದಿರಬೇಕು?

ಏಪ್ರಿಲ್ ಬಂತೆಂದರೆ ನಮ್ಮ ಸಕಲೇಶಪುರ, ಮೂಡಿಗೆರೆ ಕಡೆ ಊರಿಗೆ ಒಂದೆರಡು ಮನೆಯ ಹೆಂಚು ಇಳಿಯುತ್ತಿರುತ್ತದೆ. ಮಂಗಗಳು ಹೆಂಚನ್ನು ಉಳಿಯಗೊಡುವುದಿಲ್ಲ. ರೀಪು, ಪಕಾಸಿಗೆ ಗೆದ್ದಲು ಹಿಡಿದಿರುತ್ತದೆ. ಒಡೆದ ಹೆಂಚು ಬದಲಿಸೋಣ ಎಂದರೆ ಮೇಲೆ ಹತ್ತುವವರು ಸಿಗುವುದಿಲ್ಲ. ಕೊನೆಗೆ ಎಲ್ಲರೂ "ಶೀಟ್ ಹಾಕಿಸಿಬಿಡೋಣ" ಅನ್ನುವಲ್ಲಿಗೆ ಬರುತ್ತಾರೆ. ಬಾವಿ ತಳ ಕಾಣುವುದೂ ಅದೇ ತಿಂಗಳಲ್ಲಿ. ಹೇಗೂ ಚಾವಣಿ ಬದಲಾಗುತ್ತಿದೆ, ಮಳೆಗಾಲದ ನೀರನ್ನು ಒಂದು ಟ್ಯಾಂಕಿಗೆ ಬಿಟ್ಟುಕೊಂಡರೆ ಮುಂದಿನ ಬೇಸಿಗೆಗೆ ಕುಡಿಯೋಕಾದರೂ ಆಗುತ್ತದೆ ಎನ್ನುವ ಯೋಚನೆ ಆಗ ಹುಟ್ಟುತ್ತದೆ.

ಅಂಗಡಿಯಲ್ಲಿ ಕೇಳುವುದು ಮೂರೇ ಮಾತು: ಯಾವ ಬಣ್ಣ, ಎಷ್ಟು ದಪ್ಪ, ಅಡಿಗೆ ಎಷ್ಟು ರೇಟು. ಆ ಶೀಟಿನ ಮೇಲೆ ಹರಿದ ನೀರನ್ನು ಮನೆಯವರು ಕುಡಿಯುತ್ತಾರೆ ಎಂಬುದು ಮಾತಿನಲ್ಲಿ ಬರುವುದೇ ಇಲ್ಲ. ಚಾವಣಿ ಆರಿಸುವಾಗ ನೀರಿನ ಕಡೆಯಿಂದ ಏನೇನು ನೋಡಬೇಕು ಎನ್ನುವುದನ್ನು ಇಲ್ಲಿ ಹೇಳುತ್ತೇನೆ.

ನೀರು ಕೆಡುವುದಕ್ಕೆ ಎರಡು ದಾರಿ

ಆಕಾಶದಿಂದ ಬೀಳುವ ಮಳೆನೀರು ಹೆಚ್ಚುಕಮ್ಮಿ ಶುದ್ಧವಾಗೇ ಇರುತ್ತದೆ. ಅದು ಕೆಡುವುದು ಚಾವಣಿ ಮುಟ್ಟಿದ ಮೇಲೆ. ಕೆಡುವ ದಾರಿ ಎರಡು.

ಮೊದಲನೆಯದು, ಚಾವಣಿಯ ಮೇಲೆ ಬಂದು ಕೂತ ಕೊಳೆ. ಹಕ್ಕಿ ಹಿಕ್ಕೆ, ಇಲಿ ಹಿಕ್ಕೆ, ಸಿಲ್ವರ್ ಓಕ್ ಎಲೆ, ದೂಳು, ಒಲೆಯ ಹೊಗೆಯ ಮಸಿ, ಪಾಚಿ ಎಲ್ಲ ಇದರಲ್ಲಿ ಸೇರುತ್ತವೆ. ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಬರುವುದು ಈ ದಾರಿಯಲ್ಲಿ.

ಎರಡನೆಯದು, ಚಾವಣಿಯೊಳಗಿಂದಲೇ ಕರಗಿ ಬರುವುದು. ಸತು, ಬಣ್ಣದ ಪುಡಿ, ಟಾರಿನ ಅಂಶ, ಸಿಮೆಂಟಿನ ಸುಣ್ಣ ಹೀಗೆ. ಮಳೆನೀರು ಸುಮ್ನೆ ಹರಿದುಹೋಗುವ ನೀರಲ್ಲ. ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡ್ ಅದರಲ್ಲಿ ಕರಗಿ, ನೀರು ಸ್ವಲ್ಪ ಹುಳಿಯಾಗಿರುತ್ತದೆ. ನೀರಿನ ಹುಳಿಯನ್ನು ಅಳೆಯುವ ಪಿಎಚ್ ಎಂಬ ಅಳತೆಯಲ್ಲಿ 7 ಅಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಶುದ್ಧ ಮಳೆನೀರಿನ ಪಿಎಚ್ ಸುಮಾರು 5.6. ಬಾವಿ ನೀರಿನಲ್ಲಿ ಇರುವಂಥ ಲವಣಗಳೂ ಇದರಲ್ಲಿ ಇಲ್ಲ. ಹಾಗಾಗಿ ಅದು ಹಸಿದ ನೀರು. ಮುಟ್ಟಿದ್ದರಿಂದ ಏನಾದರೂ ಕರಗಿಸಿಕೊಂಡೇ ಹೋಗುತ್ತದೆ. ಹುಣಸೆಹುಳಿ ಹಾಕಿ ಉಜ್ಜಿದರೆ ಕಂಚು, ತಾಮ್ರದ ಪಾತ್ರೆ ಬೆಳಗುತ್ತದಲ್ವಾ, ಅದೇ ಕೆಲಸ ಇಲ್ಲಿ ಬಹಳ ನಿಧಾನವಾಗಿ ನಡೆಯುತ್ತದೆ.

ಕೊಳೆ ಜಾಸ್ತಿ ಹೊತ್ತು ಅಂಟಿಕೊಳ್ಳಬಾರದು, ಒಳಗಿಂದ ಏನೂ ಕರಗಿ ಬರಬಾರದು. ಚಾವಣಿಯನ್ನು ಈ ಎರಡು ಪ್ರಶ್ನೆಯಿಂದಲೇ ನೋಡುತ್ತಾ ಹೋಗೋಣ.

ಹೆಂಚು: ಕರಗುವುದಿಲ್ಲ, ಆದರೆ ಬಿಡುವುದೂ ಇಲ್ಲ

ಮಂಗಳೂರು ಹೆಂಚು ಎರಡನೆಯ ಪ್ರಶ್ನೆಯಲ್ಲಿ ಚೆನ್ನಾಗಿ ಪಾಸಾಗುತ್ತದೆ. ಬಾಸೆಲ್ ಮಿಷನ್‌ನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಮಾಡತೊಡಗಿದ ಈ ಹೆಂಚು, ಚೆನ್ನಾಗಿ ಬೆಂದ ಜೇಡಿಮಣ್ಣು ಅಷ್ಟೇ. ಬೆಂದ ಮಣ್ಣಿನಿಂದ ನೀರಿಗೆ ಕರಗಿ ಬರುವಂಥದ್ದು ಹೆಚ್ಚೇನೂ ಇಲ್ಲ. ಮಡಕೆಯಲ್ಲಿ ನೀರಿಟ್ಟು ಕುಡಿದವರು ನಾವು.

ತೊಂದರೆ ಇರುವುದು ಮೊದಲನೆಯ ಪ್ರಶ್ನೆಯಲ್ಲಿ. ಹೆಂಚು ನೀರು ಹೀರುತ್ತದೆ. ಒಣಗಿದ ಹೆಂಚಿನ ಮೇಲೆ ಒಂದು ಲೋಟ ನೀರು ಸುರಿದು ನೋಡಿ, ನೋಡುತ್ತಿದ್ದ ಹಾಗೆ ಒಳಗೆ ಇಳಿಯುತ್ತದೆ. ಹೀಗೆ ತೇವ ಹಿಡಿದ ಮೈ ಮೇಲೆ ಪಾಚಿ ಬೇರೂರುತ್ತದೆ, ಪಾಚಿಯೊಳಗೆ ಹಿಕ್ಕೆ, ದೂಳು ಸಿಕ್ಕಿಕೊಳ್ಳುತ್ತವೆ. ಒಂದು ಹೆಂಚಿನ ಮೇಲೆ ಇನ್ನೊಂದು ಕೂತಿರುವ ಸಂದಿಯಲ್ಲಿ ಎಲೆ ಕೊಳೆಯುತ್ತದೆ. ಜೋರು ಮಳೆ ಬಂದರೂ ಆ ಸಂದಿ ಪೂರಾ ತೊಳೆದುಹೋಗುವುದಿಲ್ಲ. ಹಾಗಾಗಿ ಹೆಂಚಿನ ಮನೆಯ ನೀರಿನಲ್ಲಿ ಮಳೆಗಾಲದ ನಡುವೆಯೂ ಆಗಾಗ ಚಹಾದ ಬಣ್ಣ ಕಾಣುವುದುಂಟು.

ಹಾಗೆಂದು ಹೆಂಚಿನ ನೀರು ಬೇಡ ಎನ್ನುವ ಹಾಗಿಲ್ಲ. ಹೆಂಚು ಗಟ್ಟಿಯಾಗಿದ್ದು ಪಾಚಿ ಕಡಿಮೆ ಇದ್ದರೆ, ಮೊದಲ ನೀರನ್ನು ಜಾಸ್ತಿ ಹೊರಗೆ ಬಿಟ್ಟು ಉಳಿದದ್ದನ್ನು ಸೋಸಿ ಧಾರಾಳವಾಗಿ ಬಳಸಬಹುದು. ಹೆಂಚನ್ನು ನಿಜವಾಗಿ ಹಾಳು ಮಾಡುವುದು ಅದರ ಮೇಲೆ ಬಳಿಯುವ ಬಣ್ಣ. ಹಬ್ಬಕ್ಕೋ ಮದುವೆಗೋ ಹೆಂಚಿಗೆ ಕೆಂಪು ಬಣ್ಣ ಹೊಡೆಸುತ್ತಾರೆ. ಎರಡು ಮಳೆಗಾಲ ಕಳೆದರೆ ಅದು ಚಕ್ಕೆ ಚಕ್ಕೆಯಾಗಿ ಏಳುತ್ತದೆ, ಚಕ್ಕೆ ಟ್ಯಾಂಕಿನ ತಳ ಸೇರುತ್ತದೆ. ನಮ್ಮ ದೇಶದಲ್ಲಿ ಮನೆ ಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 90 ಪಾಲು ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದೆ ಬಳಿದ ಹಳೆಯ ಬಣ್ಣ ಚಾವಣಿಯ ಮೇಲೆ ಇದ್ದರೆ ಆ ನೀರನ್ನು ತೋಟಕ್ಕೆ ಬಿಡುವುದೇ ಸರಿ. ಸೀಸವನ್ನು ಕುದಿಸಿ ಓಡಿಸಲು ಆಗುವುದಿಲ್ಲ. ನೀರು ಆವಿಯಾಗಿ ಹೋದಷ್ಟೂ ಉಳಿದ ನೀರಿನಲ್ಲಿ ಅದು ದಟ್ಟವಾಗುತ್ತದೆ.

ಜಿಂಕ್ ಶೀಟು: ನೀರು ಒಗರಾದ ಕಥೆ

ಸಕಲೇಶಪುರದ ಹತ್ತಿರ ನಮ್ಮ ಚಿಕ್ಕಪ್ಪನ ಮನೆ ಇದೆ. ಹಿಂದಿನ ಅಡುಗೆಮನೆ ಭಾಗದ ಹೆಂಚು ತೆಗೆಸಿ ಬರೀ ಜಿ.ಐ. ಶೀಟ್ ಹಾಕಿಸಿದ್ದರು. ಬೆಳ್ಳಿಯ ಹಾಗೆ ಹೊಳೆಯುವ, ನಾವು ಜಿಂಕ್ ಶೀಟ್ ಅನ್ನುವ ಅದೇ ಶೀಟು. ಸೂರಿನ ನೀರು ಹಿಡಿಯುವ ದೋಣಿಯೂ ಅದೇ ತಗಡಿನದ್ದು. ಮಳೆಗಾಲ ಶುರುವಾದ ಮೊದಲ ವಾರವೇ ಟ್ಯಾಂಕ್ ತುಂಬಿಸಿಕೊಂಡರು. ಆಗಸ್ಟ್‌ನಲ್ಲಿ ನಾನು ಹೋದಾಗ, "ನೀರು ಯಾಕೋ ಒಗರು ಹೊಡೀತಿದೆ ಕಣೋ, ಟೀಗೂ ರುಚಿ ಇಲ್ಲ" ಅಂದರು. ಚಿಕ್ಕಮ್ಮ ಸ್ಟೀಲ್ ಪಾತ್ರೆಯಲ್ಲಿ ಆ ನೀರು ಕುದಿಸಿ ತೋರಿಸಿದರು. ಆರುತ್ತಿದ್ದ ಹಾಗೆ ಮೇಲೆ ಎಣ್ಣೆ ಪಸೆಯಂಥ ತೆಳು ಪದರ ಕಟ್ಟಿತು. ಲೋಟದಲ್ಲಿ ಹಿಡಿದು ಬೆಳಕಿಗೆ ನೋಡಿದರೆ ನೀರು ಗಂಜಿ ತಿಳಿಯ ಹಾಗೆ ಮಂಕಾಗಿತ್ತು.

ಇದು ಸತುವಿನ ಗುರುತು. ಕಬ್ಬಿಣದ ತಗಡು ತುಕ್ಕು ಹಿಡಿಯದಿರಲಿ ಎಂದು ಅದರ ಮೇಲೆ ಸತುವಿನ ಲೇಪ ಕೊಡುತ್ತಾರೆ. ತಾನು ಸವೆದು ಕಬ್ಬಿಣವನ್ನು ಕಾಯುವುದೇ ಸತುವಿನ ಕೆಲಸ. ಹುಳಿ ಮಳೆನೀರು ಹರಿದಾಗ ಅದು ಚೂರುಚೂರೇ ಕರಗುತ್ತದೆ. ಶೀಟ್ ಹೊಸದಾಗಿದ್ದಾಗ, ನೀರು ನಿಂತಲ್ಲಿ, ಕೊಳೆಯುವ ಎಲೆಯ ಹುಳಿ ಸೇರಿದಲ್ಲಿ ಕರಗುವುದು ಜಾಸ್ತಿ. ಲೀಟರಿಗೆ 3ರಿಂದ 5 ಮಿಲಿಗ್ರಾಂ ಸತು ಸೇರಿದರೆ ನೀರು ಮಂಕಾಗಿ ಕಾಣುತ್ತದೆ, ಕುದಿಸಿದರೆ ಪಸೆ ಕಟ್ಟುತ್ತದೆ, ಬಾಯಿಗೆ ಒಗರಾಗುತ್ತದೆ.

ಹೆದರಬೇಕಾ? ನಮ್ಮ ಕುಡಿಯುವ ನೀರಿನ ಮಾನದಂಡ, ಐಎಸ್ 10500, ಸತುವಿಗೆ ಲೀಟರಿಗೆ 5 ಮಿಲಿಗ್ರಾಂ ಮಿತಿ ಇಟ್ಟಿದೆ. ಬೇರೆ ನೀರೇ ಇಲ್ಲದಾಗ 15ರವರೆಗೆ ಬಿಡುತ್ತದೆ. ಸೀಸಕ್ಕೆ ಅದೇ ಮಾನದಂಡದ ಮಿತಿ 0.01 ಮಿಲಿಗ್ರಾಂ. ಎರಡರ ಅಂತರ ನೋಡಿದರೆ ಸತು ಎಷ್ಟು ಸೌಮ್ಯ ಎನ್ನುವುದು ತಿಳಿಯುತ್ತದೆ. ಚಿಕ್ಕಪ್ಪನ ಮನೆಯ ನೀರು ವಿಷವಾಗಿರಲಿಲ್ಲ, ರುಚಿ ಕೆಟ್ಟಿತ್ತು. ನಾವು ಹತ್ತಿ ನೋಡಿದಾಗ ಕಾರಣವೂ ಸಿಕ್ಕಿತು. ದೋಣಿಗೆ ವಾಟವೇ ಇರಲಿಲ್ಲ. ನಡುವೆ ಎರಡು ಬೆರಳು ನೀರು ನಿಂತು, ಅದರಲ್ಲಿ ಹಲಸಿನ ಎಲೆ ಕಪ್ಪಾಗಿ ಕೊಳೆಯುತ್ತಿತ್ತು. ಆ ಜಾಗದಲ್ಲಿ ತಗಡಿನ ಹೊಳಪು ಹೋಗಿ ಬಿಳಿ ಪುಡಿ ಕಟ್ಟಿತ್ತು. ಅದು ಸವೆದ ಸತು. ತಗಡಿನ ದೋಣಿ ತೆಗೆದು ಪಿವಿಸಿ ದೋಣಿ ಹಾಕಿ, ಒಂದು ಮೀಟರಿಗೆ ಒಂದು ಸೆಂಟಿಮೀಟರಿನಷ್ಟು ವಾಟ ಕೊಟ್ಟೆವು. ಟ್ಯಾಂಕ್ ಖಾಲಿ ಮಾಡಿ ತೊಳೆದು, ಸೆಪ್ಟೆಂಬರ್ ಮಳೆಯಲ್ಲಿ ಮತ್ತೆ ತುಂಬಿಸಿದೆವು. ಒಗರು ಹೋಯಿತು.

ಹೀಗಾಗಿ ಬರೀ ಜಿಂಕ್ ಶೀಟನ್ನು ದನದ ಕೊಟ್ಟಿಗೆಗೆ, ಕಾಫಿ ಗೋದಾಮಿಗೆ ಹಾಕಿಸಿದರೆ ಅಡ್ಡಿಯಿಲ್ಲ. ಕುಡಿಯುವ ನೀರು ಹಿಡಿಯುವ ಚಾವಣಿಗೆ ಅದಕ್ಕಿಂತ ಒಳ್ಳೆಯದು ಸಿಗುತ್ತದೆ.

ಬಣ್ಣದ ಶೀಟು: ನಾಲ್ಕು ಪದರದ ಲೆಕ್ಕ

ಈಗ ಎಲ್ಲೆಲ್ಲೂ ಕಾಣುವ ಕಲರ್ ಕೋಟೆಡ್ ಶೀಟ್ ಸರಿಯಾಗಿ ಹಾಕಿದರೆ ಎರಡೂ ಪ್ರಶ್ನೆಗೆ ಒಳ್ಳೆಯ ಉತ್ತರ. ಅದರ ಒಳಗೇನಿದೆ ಎಂದು ತಿಳಿದರೆ ಆರಿಸುವುದು ಸುಲಭ.

ನಡುವೆ ಉಕ್ಕಿನ ತಗಡು. ಅದರ ಮೇಲೆ ಲೋಹದ ಲೇಪ. ಇದು ಬರೀ ಸತು ಇರಬಹುದು, ಇಲ್ಲವೇ ಸುಮಾರು 55 ಪಾಲು ಅಲ್ಯೂಮಿನಿಯಂ ಮತ್ತು ಉಳಿದದ್ದು ಬಹುಪಾಲು ಸತು ಇರುವ ಮಿಶ್ರಣ ಇರಬಹುದು. ಎರಡನೆಯದನ್ನು ಅಂಗಡಿಯವರು ಗ್ಯಾಲ್ವಾಲ್ಯೂಮ್ ಅನ್ನುತ್ತಾರೆ. ಮಳೆ ಜಾಸ್ತಿ ಇರುವ ಕಡೆ ಅದು ನಿಧಾನವಾಗಿ ಸವೆಯುತ್ತದೆ. ಲೇಪದ ಮೇಲೆ ಪ್ರೈಮರ್, ಅದರ ಮೇಲೆ ಕಾರ್ಖಾನೆಯಲ್ಲೇ ಬೇಯಿಸಿ ಕೂರಿಸಿದ ಬಣ್ಣ. ಆಕಾಶ ನೋಡುವ ಮೈಗೆ ಬಣ್ಣ ಸಾಮಾನ್ಯವಾಗಿ 20 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಐವತ್ತನೇ ಒಂದು ಪಾಲು. ಅಡಿಭಾಗಕ್ಕೆ ಅದರ ಕಾಲು ಭಾಗದಷ್ಟು. ಹುಳಿ ಮಳೆನೀರಿಗೂ ಸತುವಿಗೂ ನಡುವೆ ನಿಂತಿರುವುದು ಈ ತೆಳು ಬಣ್ಣವೇ.

ಇದಕ್ಕೇ ಖರೀದಿಯಲ್ಲಿ ದಪ್ಪ ಕೇಳಿದರೆ ಸಾಲದು. ಲೇಪ ಎಷ್ಟು ಎಂದೂ ಕೇಳಬೇಕು. ಒಂದು ಚದರ ಮೀಟರಿಗೆ ಎರಡೂ ಬದಿ ಸೇರಿ ಎಷ್ಟು ಗ್ರಾಂ ಎಂದು ಅದನ್ನು ಹೇಳುತ್ತಾರೆ. ಮಲೆನಾಡಿನ ಮಳೆಗೆ ಅಲ್ಯೂಮಿನಿಯಂ-ಸತು ಲೇಪ 150 ಗ್ರಾಂ ಇರುವುದು ಒಳ್ಳೆಯದು. ಬಿಲ್ ಅಥವಾ ಶೀಟಿನ ಅಡಿಯ ಅಚ್ಚಿನಲ್ಲಿ `AZ150` ಎಂದು ಬರೆದಿರುತ್ತದೆ. ಬರೀ ಸತುವಾದರೆ `Z` ಅಕ್ಷರದ ಮುಂದೆ ಸಂಖ್ಯೆ ಇರುತ್ತದೆ. ಬಣ್ಣ ಯಾವುದು ಎನ್ನುವುದಕ್ಕಿಂತ ಇದನ್ನು ಮೊದಲು ನೋಡಿ ಎನ್ನುವುದು ನನ್ನ ಮಾತು.

ಕೊಳೆಯ ಪ್ರಶ್ನೆಯಲ್ಲೂ ನುಣುಪಾದ ಲೋಹ ಮುಂದಿದೆ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದವರು ಬೇರೆ ಬೇರೆ ಚಾವಣಿಗಳ ಮಳೆನೀರನ್ನು ಹೋಲಿಸಿ 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಲೋಹದ ಚಾವಣಿಯ ನೀರಿನಲ್ಲಿ ಮಲದಿಂದ ಬರುವ ಬ್ಯಾಕ್ಟೀರಿಯಾ ಕಡಿಮೆ ಇದ್ದವು. ತಗಡು ಬಿಸಿಲಿಗೆ ಕಾದು ಅವು ಸಾಯುವುದು ಇದಕ್ಕೆ ಒಂದು ಕಾರಣ. ಹಾಗಿದ್ದೂ ಯಾವ ಚಾವಣಿಯ ನೀರನ್ನೂ ಶುದ್ಧೀಕರಿಸದೆ ಕುಡಿಯುವ ಹಾಗಿರಲಿಲ್ಲ. ನಮ್ಮಲ್ಲಿ ಇನ್ನೊಂದು ಮಿತಿ ಇದೆ. ಜುಲೈ ತಿಂಗಳಲ್ಲಿ ವಾರಗಟ್ಟಲೆ ಬಿಸಿಲೇ ಕಾಣದ ಊರಿನಲ್ಲಿ ತಗಡು ಕಾಯುವುದೆಲ್ಲಿ? ಅಲ್ಲಿ ಉಳಿಯುವ ಲಾಭ ನುಣುಪು ಒಂದೇ. ಕೊಳೆಗೆ ಹಿಡಿದುಕೊಳ್ಳಲು ಜಾಗವಿಲ್ಲ, ಮಳೆಗೆ ತೊಳೆದುಹೋಗುತ್ತದೆ.

ಇಂಥ ಒಳ್ಳೆಯ ಶೀಟನ್ನು ಹಾಳು ಮಾಡುವ ಒಂದು ಕೆಲಸ ನಮ್ಮ ಮನೆಯಲ್ಲೇ ನಡೆಯಿತು. ಫ್ಯಾಬ್ರಿಕೇಶನ್ ಹುಡುಗರು ಶೀಟನ್ನು ಮೇಲೇರಿಸಿ, ಉಳಿದ ಅಂಚನ್ನು ಅಲ್ಲೇ ಗ್ರೈಂಡರ್‌ನಲ್ಲಿ ಕತ್ತರಿಸಿದರು. ಕಿಡಿ ಹಾರಿ ಶೀಟಿನ ಮೇಲೆಲ್ಲ ಬಿತ್ತು. ಕಿಡಿ ಅಂದರೆ ಕಾದ ಕಬ್ಬಿಣದ ಚೂರು. ಅದು ಬಣ್ಣ ಸುಟ್ಟು ಒಳಗೆ ಕೂತುಕೊಂಡಿತು. ಮೊದಲ ಮಳೆ ಕಳೆದು ಹತ್ತು ದಿನಕ್ಕೆ ನೋಡಿದರೆ ಹಸಿರು ಶೀಟಿನ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕೆಂಪು ಚುಕ್ಕಿ. ಪ್ರತಿ ಚುಕ್ಕಿಯೂ ಒಂದು ತುಕ್ಕಿನ ತೂತಿಗೆ ಆರಂಭ. ಶೀಟನ್ನು ಅಂಗಡಿಯಲ್ಲೇ ಅಳತೆಗೆ ಕತ್ತರಿಸಿ ತರಿಸಬೇಕು. ಮೇಲೆ ಕತ್ತರಿಸಲೇಬೇಕಾದರೆ ತಗಡು ಕತ್ತರಿ ಬಳಸಬೇಕು. ಸ್ಕ್ರೂ ಹಾಕುವಾಗ ಬರುವ ಸುರುಳಿ ಚೂರನ್ನು ಅದೇ ಸಂಜೆ ಮೆತ್ತನೆ ಪೊರಕೆಯಲ್ಲಿ ಗುಡಿಸಿ ಇಳಿಸಬೇಕು. ಸ್ಕ್ರೂ ಕೆಳಗಿನ ವಾಷರ್ ರಬ್ಬರಿನದಾಗಿರಲಿ, ಹಳೆಯ ಕಾಲದ ಸೀಸದ ವಾಷರ್ ಬೇಡವೇ ಬೇಡ.

ಹಳೆಯ ಬಣ್ಣದ ಶೀಟಿನ ಗತಿ ನೋಡಲು ಒಂದು ಸುಲಭ ದಾರಿ ಇದೆ. ಒಣ ದಿನ ಬೆರಳಿನಿಂದ ಒತ್ತಿ ಉಜ್ಜಿ. ಬೆರಳಿಗೆ ಬಣ್ಣದ ಪುಡಿ ಮೆತ್ತಿದರೆ ಬಣ್ಣ ಬಿಸಿಲಿಗೆ ಸತ್ತಿದೆ, ಆ ಪುಡಿ ನೀರಿಗೂ ಹೋಗುತ್ತಿದೆ ಎಂದರ್ಥ.

ತಾರಸಿ ಮತ್ತು ಸಿಮೆಂಟ್ ಶೀಟು

ಆರ್‌ಸಿಸಿ ತಾರಸಿಯಿಂದ ಬರುವುದು ಮುಖ್ಯವಾಗಿ ಸುಣ್ಣ. ಇದು ಒಂದು ರೀತಿ ಒಳ್ಳೆಯದೇ. ಹುಳಿ ಮಳೆನೀರು ಸುಣ್ಣ ಹೀರಿಕೊಂಡು ಸಮಸ್ಥಿತಿಗೆ ಬರುತ್ತದೆ. ಹೊಸ ತಾರಸಿಯಾದರೆ ಮೊದಲ ಕೆಲವು ಮಳೆಯ ನೀರು ಬೇಡ, ಕ್ಷಾರ ಜಾಸ್ತಿ ಇರುತ್ತದೆ.

ತಾರಸಿಯ ತೊಂದರೆ ಅದು ಸಮತಟ್ಟಾಗಿರುವುದು, ಮತ್ತು ನಾವು ಅದರ ಮೇಲೆ ಓಡಾಡುವುದು. ಕಾಫಿ, ಅಡಿಕೆ, ಮೆಣಸು ಒಣಹಾಕುತ್ತೇವೆ. ನಾಯಿ ಮಲಗುತ್ತದೆ. ನೀರು ಅಲ್ಲಲ್ಲಿ ನಿಂತು ಹಸಿರು ಕಟ್ಟುತ್ತದೆ. ಸೋರುತ್ತದೆ ಎಂದು ಟಾರು ಬಳಿಸಿದ್ದರೆ ಅಥವಾ ಟಾರಿನ ಹಾಳೆ ಅಂಟಿಸಿದ್ದರೆ ಬಿಸಿಲಿಗೆ ಅದರಿಂದ ಎಣ್ಣೆ ಅಂಶ ಬಿಟ್ಟು ನೀರಿಗೆ ವಾಸನೆ, ಬಣ್ಣ ಬರುತ್ತದೆ. ಅಂಥ ತಾರಸಿಯ ನೀರನ್ನು ಅಡುಗೆಮನೆಗೆ ತರಬೇಡಿ. ಸೋರಿಕೆ ತಡೆಯಲು ಏನಾದರೂ ಬಳಿಸಲೇಬೇಕಾದರೆ ಕುಡಿಯುವ ನೀರಿನ ಟ್ಯಾಂಕಿನ ಒಳಗೂ ಬಳಿಯಬಹುದಾದ ಸಿಮೆಂಟ್ ಆಧಾರಿತ ಲೇಪವನ್ನೇ ಕೇಳಿ.

ಇನ್ನು ಸಿಮೆಂಟ್ ಶೀಟು, ಅಂದರೆ ಆಸ್ಬೆಸ್ಟಾಸ್. ಇದರ ಎಳೆ ಉಸಿರಿನ ಮೂಲಕ ಒಳಗೆ ಹೋದರೆ ಶ್ವಾಸಕೋಶಕ್ಕೆ ಕೇಡು, ಕ್ಯಾನ್ಸರ್ ಬರುತ್ತದೆ. ನೀರಿನ ಮೂಲಕ ಹೊಟ್ಟೆಗೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಅಷ್ಟು ಗಟ್ಟಿ ಪುರಾವೆ ಇಲ್ಲ, ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನಲ್ಲಿ ಅದಕ್ಕೆ ಮಿತಿ ಇಟ್ಟಿಲ್ಲ. ಅಪಾಯ ಜಾಸ್ತಿ ಇರುವುದು ಚಾವಣಿ ಕೆಲಸದಲ್ಲಿ. ಹಳೆಯ ಶೀಟಿನ ಮೈ ಸವೆದು ಒರಟಾಗಿ, ಅದರ ಮೇಲೆ ಪಾಚಿ ದಟ್ಟವಾಗಿ ಬೆಳೆದಿರುತ್ತದೆ. ನೀರು ಚೆನ್ನಾಗಿ ಬರಲಿ ಎಂದು ಯಾರೋ ಹತ್ತಿ ತಂತಿ ಬ್ರಷ್‌ನಲ್ಲಿ ಒಣಗಿದ ಪಾಚಿ ಕೆರೆಯುತ್ತಾರೆ. ಎಳೆ ಗಾಳಿಗೆ ಏಳುವುದು ಆಗ. ಕತ್ತರಿಸುವುದು, ತೂತು ಕೊರೆಯುವುದು, ಒಡೆಯುವುದು ಎಲ್ಲವೂ ಅಷ್ಟೇ ಕೆಟ್ಟದ್ದು. ಈಗಿರುವ ಶೀಟು ಗಟ್ಟಿಯಾಗಿದ್ದರೆ ಮುಟ್ಟದೆ ಬಿಡಿ, ಆ ನೀರು ತೋಟಕ್ಕೆ ಹೋಗಲಿ. ಹೊಸದಾಗಿ ಮಾತ್ರ ಹಾಕಿಸಬೇಡಿ.

ತೋಟದ ಪಕ್ಕದ ಮನೆಗೆ ಒಂದು ಎಚ್ಚರಿಕೆ

ಅಡಿಕೆಗೆ ಕೊಳೆರೋಗ ಬಾರದಿರಲಿ ಎಂದು ಮಳೆ ಹಿಡಿಯುವ ಮುಂಚೆ ಬೋರ್ಡೋ ಹೊಡೆಯುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ನಲವತ್ತು ನಲವತ್ತೈದು ದಿನ ಬಿಟ್ಟು ಮತ್ತೊಂದು ಸಲ. ನಾವು ಟ್ಯಾಂಕಿಗೆ ನೀರು ಬಿಡುವುದೂ ಸರಿಯಾಗಿ ಇದೇ ಹೊತ್ತಿನಲ್ಲಿ. ತೋಟ ಮನೆಗೆ ಅಂಟಿಕೊಂಡಿದ್ದರೆ ಗಾಳಿಗೆ ತೇಲಿ ಬಂದ ದ್ರಾವಣ ಚಾವಣಿಯ ಮೇಲೆ ನೀಲಿ ಚುಕ್ಕಿಯಾಗಿ ಒಣಗಿರುತ್ತದೆ.

ಮೈಲುತುತ್ತದಲ್ಲಿರುವುದು ತಾಮ್ರ. ನೀರಿಗೆ ತಾಮ್ರ ಸೇರುವುದು ಒಂದು ತೊಂದರೆ. ಇನ್ನೊಂದನ್ನು ಯಾರೂ ಹೇಳುವುದಿಲ್ಲ. ತಾಮ್ರ ಬಿದ್ದ ಕಡೆ ಸತು, ಅಲ್ಯೂಮಿನಿಯಂ ಬೇಗ ಸವೆಯುತ್ತವೆ. ಕರಗಿದ ತಾಮ್ರ ಸತುವಿನ ಮೇಲೆ ಕೂತರೆ ಆ ಜಾಗ ಒಂದು ಚಿಕ್ಕ ಬ್ಯಾಟರಿಯ ಹಾಗೆ ಕೆಲಸ ಮಾಡುತ್ತದೆ, ತಾಮ್ರ ಉಳಿದು ಸತು ಕರಗುತ್ತದೆ. ಬಣ್ಣ ಗಟ್ಟಿಯಾಗಿದ್ದರೆ ಅಷ್ಟು ತೊಂದರೆ ಇಲ್ಲ. ಬರೀ ಜಿಂಕ್ ಶೀಟಿನ ಮೇಲೆ, ಕತ್ತರಿಸಿದ ಅಂಚಿನಲ್ಲಿ, ಗೀರಿದ ಕಡೆ ಇದು ನಡೆಯುತ್ತದೆ. ಪಾಚಿ ಹೋಗಲಿ ಎಂದು ಚಾವಣಿಗೆ ಮೈಲುತುತ್ತದ ನೀರು ಎರಚುವ ರೂಢಿಯನ್ನು ಬಿಡಬೇಕಾದದ್ದೂ ಇದಕ್ಕೇ.

ಬೋರ್ಡೋ ಇರಲಿ, ಕಾಂಡಕೊರಕಕ್ಕೆ ಹೊಡೆಯುವ ಕೀಟನಾಶಕ ಇರಲಿ, ಹೊಡೆಯುವ ಹಿಂದಿನ ದಿನ ಟ್ಯಾಂಕಿಗೆ ಹೋಗುವ ಪೈಪ್ ಬಿಡಿಸಿಡಿ. ಎರಡು ಮೂರು ಒಳ್ಳೆಯ ಮಳೆ ಚಾವಣಿ ತೊಳೆದ ಮೇಲೆ ಜೋಡಿಸಿ.

ಮೊದಲ ನೀರು ಎಷ್ಟು ಬಿಡಬೇಕು

ಯಾವ ಚಾವಣಿಯೇ ಇರಲಿ, ಮಳೆಯ ಮೊದಲ ನೀರು ಅದನ್ನು ತೊಳೆದ ನೀರು. ಅದನ್ನು ಹೊರಗೆ ಬಿಡಬೇಕು. ಎಷ್ಟು ಎನ್ನುವುದಕ್ಕೆ ಒಂದೇ ಲೆಕ್ಕ ಸಾಕು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು.

40 ಅಡಿ ಉದ್ದ, 30 ಅಡಿ ಅಗಲದ ಮನೆ ತೆಗೆದುಕೊಳ್ಳೋಣ. 1200 ಚದರ ಅಡಿ, ಅಂದರೆ ಸುಮಾರು 111 ಚದರ ಮೀಟರ್. ಇಳಿಜಾರು ಚಾವಣಿಯ ಶೀಟಿನ ಅಳತೆ ಇದಕ್ಕಿಂತ ಜಾಸ್ತಿ ಇರುತ್ತದೆ, ಆದರೆ ಮಳೆ ಹಿಡಿಯುವುದು ನೆಲದ ಮೇಲಿನ ಅಳತೆಯಷ್ಟೇ. ಒಂದು ಮಿಲಿಮೀಟರ್ ಮಳೆಗೆ ಇಲ್ಲಿ 111 ಲೀಟರ್. ನುಣುಪಾದ ಶೀಟು, ಮೇಲೆ ಮರ ಇಲ್ಲ ಎಂದರೆ ಅಷ್ಟು ಬಿಟ್ಟರೂ ನಡೆಯುತ್ತದೆ. ಮರದ ನೆರಳಿದ್ದರೆ ಅಥವಾ ಹೆಂಚಾದರೆ ಎರಡು ಮಿಲಿಮೀಟರ್, ಅಂದರೆ 220 ಲೀಟರ್. 200 ಲೀಟರಿನ ಒಂದು ನೀಲಿ ಡ್ರಮ್ ಇದಕ್ಕೆ ಸರಿಹೋಗುತ್ತದೆ. ದೋಣಿಯ ನೀರು ಮೊದಲು ಡ್ರಮ್‌ಗೆ ಬೀಳಬೇಕು, ಡ್ರಮ್ ತುಂಬಿದ ಮೇಲೆ ಟ್ಯಾಂಕಿನ ಕಡೆ ತಿರುಗಬೇಕು. ಡ್ರಮ್‌ನ ತಳದಲ್ಲಿ ಒಂದು ನಲ್ಲಿ ಇಟ್ಟು ಹನಿ ಹನಿಯಾಗಿ ಸೋರಲು ಬಿಟ್ಟರೆ ಮುಂದಿನ ಮಳೆಗೆ ಅದು ಖಾಲಿಯಾಗಿರುತ್ತದೆ. ಆ ನಲ್ಲಿ ಕಟ್ಟಿಕೊಂಡರೆ ಡ್ರಮ್ ಇದ್ದೂ ಇಲ್ಲದ ಹಾಗೆ, ಕೊಳೆ ನೇರ ಟ್ಯಾಂಕಿಗೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ನೋಡಬೇಕಾದ ಜಾಗ ಇದು.

ಈಗ ಟ್ಯಾಂಕು. ನಾಲ್ಕು ಜನರ ಮನೆಯಲ್ಲಿ ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್ ಎಂದುಕೊಂಡರೆ ಡಿಸೆಂಬರ್‌ನಿಂದ ಮೇ ತನಕ ಆರು ತಿಂಗಳಿಗೆ 3600 ಲೀಟರ್. 5000 ಲೀಟರಿನ ಟ್ಯಾಂಕ್ ಧಾರಾಳ. ಈ ಮನೆಯ ಶೀಟಿನಿಂದ ಹೆಚ್ಚುಕಮ್ಮಿ ಕಳೆದು ಮಿಲಿಮೀಟರಿಗೆ 100 ಲೀಟರ್ ಸಿಕ್ಕರೆ, ಟ್ಯಾಂಕ್ ತುಂಬಲು 50 ಮಿಲಿಮೀಟರ್ ಮಳೆ ಸಾಕು. ಮೂಡಿಗೆರೆ, ಸಕಲೇಶಪುರದಲ್ಲಿ ಜುಲೈನ ಒಂದೆರಡು ದಿನದ ಮಳೆ ಅದು. ಅಂದಮೇಲೆ ಆತುರ ಯಾಕೆ? ಮಾರ್ಚ್, ಏಪ್ರಿಲ್‌ನ ಹೂಮಳೆ ಚಾವಣಿ ತೊಳೆಯಲಿ. ಮೃಗಶಿರ, ಆರಿದ್ರಾ ಮಳೆ ದೋಣಿ ತೊಳೆಯಲಿ. ಬೇಸಿಗೆಗೆ ಇಡುವ ನೀರನ್ನು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ತುಂಬಿಸಿದರೆ ಅಷ್ಟು ದಿನ ತೊಳೆಸಿಕೊಂಡ ಚಾವಣಿಯ ನೀರು ಸಿಗುತ್ತದೆ. ಹಿರಿಯರು ಸ್ವಾತಿ ಮಳೆಯ ನೀರನ್ನು ಹಿಡಿದಿಡುತ್ತಿದ್ದದ್ದು ಹೆಚ್ಚುಕಮ್ಮಿ ಇದೇ ಹೊತ್ತಿಗೆ. ಆಗ ಮಳೆ ನಡುವೆ ಬಿಡುವು ಜಾಸ್ತಿ ಇರುತ್ತದೆ, ಹಾಗಾಗಿ ಪ್ರತಿ ಸಲ ಡ್ರಮ್ ಖಾಲಿ ಇದೆಯಾ ಎಂದು ನೋಡಿಕೊಳ್ಳಬೇಕು.

ಕಡೂರು, ಅರಸೀಕೆರೆ ಕಡೆಯವರಿಗೆ ಈ ಐಷಾರಾಮ ಇಲ್ಲ. ಅಲ್ಲಿ ಮಳೆ ಕಡಿಮೆ, ಬರುವುದೂ ಚಿಕ್ಕ ಚಿಕ್ಕದಾಗಿ. ಚಾವಣಿಯ ಆಯ್ಕೆ ಅಲ್ಲಿ ನೀರಿನ ಪ್ರಮಾಣವನ್ನೂ ಬದಲಿಸುತ್ತದೆ. ಒಂದು ಚದರ ಮೀಟರ್ ಮಂಗಳೂರು ಹೆಂಚು ಸುಮಾರು 40 ಕೆ.ಜಿ. ತೂಗುತ್ತದೆ. ಒಣಗಿದ ಹೆಂಚು ತನ್ನ ತೂಕದ ಹತ್ತನೇ ಒಂದು ಪಾಲು ಕುಡಿದರೂ 4 ಲೀಟರ್ ಆಯಿತು, ಅಂದರೆ 4 ಮಿಲಿಮೀಟರ್ ಮಳೆ. 5 ಮಿಲಿಮೀಟರಿನ ಮಳೆ ಬಂದರೆ ಹೆಂಚಿನ ಮನೆಯವರಿಗೆ ಸೂರಿನಿಂದ ಹನಿ ಬಿದ್ದರೆ ಹೆಚ್ಚು. ಶೀಟಿನ ಮನೆಯವರಿಗೆ ಒಂದು ಮಿಲಿಮೀಟರ್ ಹೊರಬಿಟ್ಟ ಮೇಲೂ ಮುನ್ನೂರು ನಾನೂರು ಲೀಟರ್ ಸಿಗುತ್ತದೆ. ಬಯಲುಸೀಮೆಗೆ ಬಣ್ಣದ ಶೀಟು ಅಥವಾ ಚೊಕ್ಕಟವಾಗಿ ಇಟ್ಟ ತಾರಸಿಯೇ ಸರಿ ಅನ್ನುವುದು ಈ ಲೆಕ್ಕದಿಂದ. ಅಲ್ಲಿ ಬಿಸಿಲೂ ಇರುವುದರಿಂದ ತಗಡು ಕಾದು ಬ್ಯಾಕ್ಟೀರಿಯಾ ಸಾಯುವ ಲಾಭವೂ ಸಿಗುತ್ತದೆ.

ನೀರು ಸರಿಯಿದೆಯಾ ಎಂದು ತಿಳಿಯುವುದು

ಟ್ಯಾಂಕಿನ ನೀರನ್ನು ಒಂದು ಬಿಳಿ ಬಕೆಟ್‌ಗೆ ಹಿಡಿಯಿರಿ. ಚಹಾದ ಬಣ್ಣ ಇದ್ದರೆ ಎಲೆ, ಪಾಚಿ. ಬಣ್ಣದ ಚೂರು ಅಥವಾ ತಳದಲ್ಲಿ ಕೆಂಪು ಪುಡಿ ಇದ್ದರೆ ಚಾವಣಿಯೇ ಸವೆಯುತ್ತಿದೆ. ಒಗರು ಮತ್ತು ಕುದಿಸಿದಾಗ ಪಸೆ ಇದ್ದರೆ ಸತು. ಸೀಸ, ತಾಮ್ರ, ಕೀಟನಾಶಕ ಮಾತ್ರ ಸಾಮಾನ್ಯವಾಗಿ ಕಣ್ಣಿಗೂ ನಾಲಿಗೆಗೂ ಸಿಗುವುದಿಲ್ಲ. ಸಂಶಯ ಇದ್ದರೆ ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಮಾದರಿ ಕೊಡಬೇಕು. ಏನನ್ನು ಪರೀಕ್ಷಿಸಬೇಕು ಎಂದು ಹೆಸರು ಹೇಳಿ ಕೇಳಿ, ಇಲ್ಲದಿದ್ದರೆ ಸಾಮಾನ್ಯ ಪರೀಕ್ಷೆಯಷ್ಟೇ ಮಾಡಿ ಕಳಿಸುತ್ತಾರೆ.

ಬ್ಯಾಕ್ಟೀರಿಯಾ ನೋಡಲು ಎಚ್‌ಟುಎಸ್ ಬಾಟಲಿ ಎನ್ನುವುದು ಸಿಗುತ್ತದೆ. ಗ್ರಾಮ ಪಂಚಾಯಿತಿಗಳಿಗೆ ಕೊಟ್ಟಿರುವ ನೀರು ಪರೀಕ್ಷೆಯ ಕಿಟ್ ಜೊತೆಗೂ ಇರುತ್ತದೆ. ಬಾಟಲಿಯಲ್ಲಿರುವ ಗೆರೆಯವರೆಗೆ ನೀರು ತುಂಬಿ, ಮುಚ್ಚಳ ಹಾಕಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ನೀರು ಕಪ್ಪಾದರೆ ಮಲದ ಬ್ಯಾಕ್ಟೀರಿಯಾ ಇರಬಹುದು. ಚಿಕ್ಕಪ್ಪನ ಮನೆಯಲ್ಲಿ ದೋಣಿ ಬದಲಿಸಿದ ಮೇಲೆ ಎರಡು ಬಾಟಲಿ ಇಟ್ಟೆವು. ಒಂದರಲ್ಲಿ ಡ್ರಮ್‌ನ ನೀರು, ಇನ್ನೊಂದರಲ್ಲಿ ಟ್ಯಾಂಕಿನ ನೀರು. ಡ್ರಮ್‌ನದ್ದು ಮರುದಿನ ಬೆಳಿಗ್ಗೆಗೇ ಇದ್ದಿಲಿನ ಬಣ್ಣಕ್ಕೆ ತಿರುಗಿತು. ಟ್ಯಾಂಕಿನದ್ದು ಎರಡು ದಿನವಾದರೂ ಹಾಗೇ ಇತ್ತು. ಆದರೂ ಚಿಕ್ಕಮ್ಮ ಕುಡಿಯುವ ನೀರನ್ನು ಕುದಿಸುವುದು ಬಿಟ್ಟಿಲ್ಲ. ಒಂದು ಬಾಟಲಿ ಹೇಳುವುದು ಆ ದಿನದ ನೀರಿನ ಮಾತನ್ನಷ್ಟೇ. ಮರುದಿನ ಚಾವಣಿಯ ಮೇಲೆ ಯಾವ ಹಕ್ಕಿ ಕೂರುತ್ತದೋ ಅದಕ್ಕೆ ಗೊತ್ತಿರುವುದಿಲ್ಲ.